ಮೆದೆ, ಕಂತೆ ಮತ್ತು 72 ಗಂಟೆ

ಮುಂಗಾರು ಇನ್ನೂ ಹತ್ತಿರ ಸುಳಿಯದಿದ್ದ ಒಂದು ಮಧ್ಯಾಹ್ನ, ನಮ್ಮೂರ ಸಹಕಾರ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, ಕೈಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು ನನ್ನ ಮುಂದಿರಿಸಿ, ‘ಮೇಷ್ಟ್ರೇ, ಇದು ಕನ್ನಡದಲ್ಲೇ ಇದೆ; ಇದನ್ನೊಂದಿಷ್ಟು ಕನ್ನಡಕ್ಕೆ ತಂದುಕೊಡಬೇಕಲ್ಲ’ ಎಂದರು. ಅದು ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮಾವಳಿಯನ್ನು ಯಾರೋ ಪರಿಶ್ರಮಪಟ್ಟು ಇಂಗ್ಲಿಷಿನಿಂದ ಇಳಿಸಿದ ಕರಡು. ಯೋಜನೆ 2016ರ ಮುಂಗಾರಿನಿಂದ ನಡೆದುಬಂದಿದೆ. 2020ರಲ್ಲಿ ಅದರ ನಿಯಮಗಳು ಗಣನೀಯವಾಗಿ ಪರಿಷ್ಕೃತವಾದವು. ಆದರೂ ಎರಡೂವರೆ ಎಕರೆಯ ರಾಗಿ ರೈತನು ಅದರಲ್ಲಿ ತನಗೇನು ಸಲ್ಲುತ್ತದೆ, ಯಾವಾಗ ಸಲ್ಲುತ್ತದೆ ಎಂಬುದನ್ನು ತಾನೇ ಓದಿ ತಿಳಿಯುವಂಥ ನಾಲ್ಕು ಪುಟ ಸಂಘದಲ್ಲಿ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟವನಿಗೆ ಇದೇನು ಮಹಾ ಕಾರ್ಯವೆಂದು ಒಪ್ಪಿಕೊಂಡೆ. ಒಂದು ವಾರದಲ್ಲಿ ಮುಗಿಯುವುದೆಂದುಕೊಂಡದ್ದು ಎರಡು ತಿಂಗಳು ಹಿಡಿಯಿತು.

ಕರಡಿನ ಒಂದು ವಾಕ್ಯ ಹೀಗಿತ್ತು: ‘ಅಧಿಸೂಚಿತ ವಿಮಾ ಘಟಕದಲ್ಲಿ ಅಧಿಸೂಚಿತ ಬೆಳೆಯ ವಾಸ್ತವಿಕ ಇಳುವರಿಯು ಪ್ರಾರಂಭಿಕ ಇಳುವರಿಗಿಂತ ನ್ಯೂನವಾದ ಪಕ್ಷದಲ್ಲಿ, ಸದರಿ ಘಟಕದ ವಿಮಾಕೃತ ಸಮಸ್ತ ರೈತರೂ ಸಮಾನ ಕೊರತೆಯನ್ನು ಹೊಂದಿರುವರೆಂದು ಭಾವಿಸತಕ್ಕದ್ದು.’ ವ್ಯಾಕರಣದಲ್ಲಿ ದೋಷವಿಲ್ಲ. ಸಂಸ್ಕೃತಪದಗಳ ಬಗೆಗೆ ನನಗೆ ವೈಮನಸ್ಯವೂ ಇಲ್ಲ. ನನ್ನ ಬರವಣಿಗೆಯೇ ಅವುಗಳನ್ನು ನೆಚ್ಚಿಕೊಂಡದ್ದು. ಆದರೆ ಇಡೀ ಯೋಜನೆಯ ಮರ್ಮವೇ ಅಡಗಿರುವ ಈ ವಾಕ್ಯವನ್ನು ನಮ್ಮ ನೆರೆಮನೆಯ ಹಿರಿಯ ಒಕ್ಕಲಿಗರೊಬ್ಬರಿಗೆ ಅವರ ಜಗಲಿಯ ಮೇಲೆ ಕುಳಿತು ಓದಿ ಹೇಳಿದಾಗ, ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅಂದ್ರೆ ನನ್ ಹೊಲ ಹಾಳಾದ್ರೆ ದುಡ್ಡು ಬತ್ತದೆ ಅಂತ ತಾನೆ?’ ಎಂದು ಕೇಳಿದರು. ವಾಕ್ಯ ಹೇಳುವುದು ಹೆಚ್ಚುಕಡಿಮೆ ಅದಕ್ಕೆ ವಿರುದ್ಧವಾದುದನ್ನು. ಅಂದಿನಿಂದ ಪ್ರತಿ ಪ್ರಕರಣವನ್ನೂ ಮೊದಲು ಆ ಜಗಲಿಯಲ್ಲಿ ಓದುವುದು, ಅವರೂ ಅವರ ಸೊಸೆಯೂ ಅದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳುವುದು, ಮರಳಿ ಹೇಳಿದ್ದು ಮೂಲಕ್ಕೆ ಹೊಂದುವವರೆಗೆ ನಾನು ತಿದ್ದುವುದು, ಹೀಗೊಂದು ಪದ್ಧತಿ ಏರ್ಪಟ್ಟಿತು.

ಯಾರು ಅರ್ಹರು ಎಂಬ ಮೊದಲ ಪ್ರಕರಣದಲ್ಲೇ ಎಡವಿದೆವು. ಸರ್ಕಾರ ಪಟ್ಟಿಮಾಡಿದ ಪ್ರದೇಶದಲ್ಲಿ, ಪಟ್ಟಿಮಾಡಿದ ಬೆಳೆಯನ್ನು ಬೆಳೆಯುವ ಎಲ್ಲ ರೈತರೂ ಅರ್ಹರು; ಸಾಲ ಪಡೆದವರೂ ಪಡೆಯದವರೂ ಇದರಲ್ಲಿ ಸೇರುತ್ತಾರೆ. ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ 5 ರೂಪಾಯಿ ರೈತನ ಪಾಲಿನ ಕಂತು. ಅದಕ್ಕೆ ಮೇಲ್ಪಟ್ಟದ್ದನ್ನು ಸರ್ಕಾರಗಳು ತುಂಬುತ್ತವೆ. ಇಷ್ಟು ಸರಳ. ಮುಂದಿನ ವಾಕ್ಯದಲ್ಲಿ ಮಾತ್ರ, 2020ರ ಪರಿಷ್ಕರಣದ ತರುವಾಯ ಯೋಜನೆ ಸಾಲಗಾರ ರೈತರಿಗೂ ‘ಐಚ್ಛಿಕ’ವಾಗಿದೆ ಎಂದಿತ್ತು. ಐಚ್ಛಿಕವೆಂದರೆ ಇಷ್ಟವಿದ್ದರೆ ಮಾಡಿಸುವುದು, ಇಲ್ಲವಾದರೆ ಸುಮ್ಮನಿರುವುದು, ಎಂದು ಯಾರಾದರೂ ತಿಳಿಯುತ್ತಾರೆ; ನಾನೂ ಹಾಗೆಯೇ ತಿಳಿದಿದ್ದೆ. ಕೆಳಗಣ ಪ್ಯಾರಾಗಳನ್ನು ಓದಿದಾಗ ತೋರಿದ್ದೇನೆಂದರೆ, ಬೆಳೆಸಾಲ ಇರುವವನು ತನಗೆ ವಿಮೆ ಬೇಡವೆಂದು, ನೋಂದಣಿಯ ಕೊನೆಯ ದಿನಕ್ಕೆ ಕಡೆಯ ಪಕ್ಷ ಏಳು ದಿನ ಮುಂಚಿತವಾಗಿ ಬ್ಯಾಂಕಿಗೆ ಬರೆದುಕೊಡಬೇಕು. ಬರೆದುಕೊಡದೆ ಸುಮ್ಮನಿದ್ದರೆ ಕಂತು ಅವನ ಖಾತೆಯಿಂದ ಕಡಿತವಾಗುತ್ತದೆ. ಸಾಲವಿಲ್ಲದವನಾದರೋ ತಾನಾಗಿ ಬ್ಯಾಂಕಿಗೋ ಸೇವಾಕೇಂದ್ರಕ್ಕೋ ಹೋಗಿ ಮಾಡಿಸಿದ ಹೊರತು ವಿಮೆ ಇಲ್ಲ. ಒಂದೇ ಮೌನಕ್ಕೆ ಸಾಲಗಾರನಲ್ಲಿ ಒಪ್ಪಿಗೆಯೆಂಬ ಅರ್ಥ, ಸಾಲವಿಲ್ಲದವನಲ್ಲಿ ನಿರಾಕರಣೆಯೆಂಬ ಅರ್ಥ. ಆದಕಾರಣ ‘ಐಚ್ಛಿಕ’ವನ್ನು ಹೊಡೆದುಹಾಕಿ, ‘ಸಾಲ ಇದ್ದು ಸುಮ್ಮನಿದ್ದರೆ ವಿಮೆ ಆಗುತ್ತದೆ, ಸಾಲ ಇಲ್ಲದೆ ಸುಮ್ಮನಿದ್ದರೆ ವಿಮೆ ಆಗುವುದಿಲ್ಲ’ ಎಂದು ಬರೆದೆ. ಸೊಸೆ ಅದನ್ನು ಒಂದೇ ಸಲಕ್ಕೆ ಮರಳಿ ಹೇಳಿದಳು.

ಅದೇ ಪ್ರಕರಣದಲ್ಲಿ, ಗೇಣಿದಾರರೂ ಪಾಲಿಗೆ ಮಾಡುವವರೂ ಬೆಳೆಯಲ್ಲಿ ‘ವಿಮಾಯೋಗ್ಯ ಹಿತಾಸಕ್ತಿ’ ಹೊಂದಿದ್ದಲ್ಲಿ ಅರ್ಹರು ಎಂದಿತ್ತು. ಬೆಳೆ ಹೋದರೆ ಯಾರ ಗಂಟು ಹೋಗುತ್ತದೋ ಅವನಿಗೇ ಬೆಳೆಯ ಮೇಲೆ ವಿಮೆ ಮಾಡಿಸುವ ಅಧಿಕಾರವುಂಟೆಂಬುದು ಅದರ ತಾತ್ಪರ್ಯ. ಇದನ್ನು ತಿಳಿಗನ್ನಡಕ್ಕೆ ತರುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ತಿಳಿಗನ್ನಡಕ್ಕೆ ಬಂದಮೇಲೆ. ರಾಜ್ಯದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ, ಸೈನಿಕರೇ ಮೊದಲಾದ ಕೆಲವರನ್ನು ಬಿಟ್ಟರೆ, ಗೇಣಿಯನ್ನೇ ನಿಷೇಧಿಸಿದೆ. ಹೀಗಾಗಿ ಗೇಣಿಗೆ ಉಳುವವರು ಪ್ರತಿ ಊರಿನಲ್ಲಿಯೂ ಇದ್ದರೂ ಗೇಣಿಯ ಕರಾರು ಯಾವ ಊರಿನಲ್ಲಿಯೂ ಸುಲಭವಾಗಿ ಸಿಕ್ಕುವುದಿಲ್ಲ. ವಿಮೆಯ ಅರ್ಜಿಗೆ ಬರವಣಿಗೆಯ ಆಧಾರ ಬೇಕು. ಜಮೀನಿನ ಒಡೆಯ ಬರವಣಿಗೆ ಕೊಡಲು ಅಂಜುತ್ತಾನೆ. ಕರಡಿನ ಸಂಸ್ಕೃತಪದ ಈ ಬಿರುಕನ್ನು ಅಂದವಾಗಿ ಮುಚ್ಚಿತ್ತು. ನಾನು ಮುಚ್ಚದೆ ಬರೆದೆ: ‘ಗೇಣಿಗೆ ಮಾಡುವವರಿಗೂ ವಿಮೆ ಉಂಟು, ಆದರೆ ಜಮೀನಿನ ಒಡೆಯರ ಬರವಣಿಗೆ ಬೇಕು.’ ಕಾರ್ಯದರ್ಶಿಗಳು ಎರಡನೆಯ ಭಾಗವನ್ನು ಬಿಡಬಹುದಲ್ಲವೇ ಎಂದರು, ಬಿಡಲಿಲ್ಲ. ತಾತನ ಹೆಸರಿನಲ್ಲೇ ಉಳಿದ ಪಹಣಿಯದ್ದೂ ಇಂಥದೇ ತೊಡಕು. ಅರ್ಜಿದಾರನ ಹೆಸರು, ಪಹಣಿಯ ಹೆಸರು, ಆಧಾರ್ ಕಾರ್ಡಿನ ಹೆಸರು ಒಂದಕ್ಕೊಂದು ಹೊಂದಬೇಕಾದ್ದರಿಂದ, ಪೌತಿ ಖಾತೆ ಆಗದ ಮನೆಗಳವರು ಆ ಕೆಲಸವನ್ನು ವಿಮೆಯ ಕೊನೆಯ ವಾರಕ್ಕೆ ಇಟ್ಟುಕೊಳ್ಳಬಾರದೆಂದು ಒಂದು ಸಾಲು ಸೇರಿಸಿದೆ. ಇದು ಮೂಲದಲ್ಲಿ ಇರಲಿಲ್ಲ. ಅನುವಾದಕನಿಗೆ ಇಷ್ಟು ಸ್ವಾತಂತ್ರ್ಯ ಸಲ್ಲುತ್ತದೆಂದು ನನ್ನ ಭಾವನೆ.

ಇನ್ನು ‘ಭಾವಿಸತಕ್ಕದ್ದು’ ಎಂಬ ಆ ಮರ್ಮದ ವಾಕ್ಯಕ್ಕೆ ಬರುತ್ತೇನೆ. ಈ ಯೋಜನೆಯ ಮುಖ್ಯ ಭಾಗದಲ್ಲಿ ವಿಮೆ ಇಳಿಸಿರುವುದು ಒಬ್ಬೊಬ್ಬನ ಹೊಲದ ಮೇಲಲ್ಲ. ಪ್ರಮುಖ ಬೆಳೆಯಾದರೆ ಇಡೀ ಗ್ರಾಮ ಪಂಚಾಯಿತಿಯ, ಇತರ ಬೆಳೆಯಾದರೆ ಇಡೀ ಹೋಬಳಿಯ ಸರಾಸರಿ ಇಳುವರಿಯ ಮೇಲೆ. ಒಂದೊಂದು ಹೊಲವನ್ನೂ ಅಳೆಯುವುದು ದುಸ್ಸಾಧ್ಯವಾದ್ದರಿಂದ ಪ್ರದೇಶವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂಬ ವಿಚಾರ ನಮಗೇನೂ ಹೊರಗಿನದಲ್ಲ. ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು, 1920ರಲ್ಲಿ ಪ್ರಕಟಿಸಿದ ಕೃಷಿ ವಿಮೆಯ ಗ್ರಂಥದಲ್ಲಿ, ಪ್ರದೇಶದ ಮಳೆಯ ಅಳತೆಯನ್ನು ಆಧರಿಸಿ ಪರಿಹಾರ ಕೊಡುವ ವ್ಯವಸ್ಥೆಯೊಂದನ್ನು ವಿವರಿಸಿದ್ದರು. 1970ರ ದಶಕದಲ್ಲಿ ವಿ. ಎಂ. ದಾಂಡೇಕರರು ಇಳುವರಿಯನ್ನೇ ಪ್ರದೇಶವಾರು ಅಳೆಯುವ ಕ್ರಮವನ್ನು ಪ್ರತಿಪಾದಿಸಿದರು. ವಿಚಾರ ಹಳೆಯದು. ರೈತನಿಗೆ ಅದನ್ನು ಅವನ ಮಾತಿನಲ್ಲಿ ಹೇಳುವುದು ಮಾತ್ರ ಬಾಕಿಯಾಗಿತ್ತು.

ಕರಡಿನ ‘ಪ್ರಾರಂಭಿಕ ಇಳುವರಿ’ಯನ್ನು ಕೇಳಿದ ಹಿರಿಯರು ಅದು ಮೊದಲ ಕೊಯ್ಲಿನ ಫಸಲಿರಬೇಕೆಂದರು. ನಿಜವಾಗಿ ಅದು, ಇಳುವರಿ ತನಗಿಂತ ಕೆಳಗೆ ಇಳಿದರೆ ಪರಿಹಾರದ ಬಾಗಿಲು ತೆರೆಯುವ ಗೆರೆ. ಆದ್ದರಿಂದ ‘ಖಾತರಿ ಇಳುವರಿ’ ಎಂದು ಬದಲಿಸಿ, ಲೆಕ್ಕವನ್ನು ಒಂದು ಉದಾಹರಣೆಯಿಂದ ತೋರಿಸಿದೆ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಕಲ್ಪಿಸಿದವು. ಒಂದು ಪಂಚಾಯಿತಿಯಲ್ಲಿ ಕಳೆದ ಏಳು ವರ್ಷ ಹೆಕ್ಟೇರಿಗೆ ರಾಗಿ 18, 22, 9, 20, 16, 24, 6 ಕ್ವಿಂಟಲ್ ಬಂದಿದೆಯೆನ್ನಿ. ಅತ್ಯಂತ ಕಳಪೆಯಾದ ಎರಡು ವರ್ಷ, ಅಂದರೆ 9 ಮತ್ತು 6, ಬಿಟ್ಟು ಉಳಿದ ಐದರ ಸರಾಸರಿ 20. ಸರ್ಕಾರ ಆ ಬೆಳೆಗೆ ನೂರಕ್ಕೆ 80ರ ಖಾತರಿ ಮಟ್ಟ ಗೊತ್ತುಮಾಡಿದ್ದರೆ ಖಾತರಿ ಇಳುವರಿ 16 ಕ್ವಿಂಟಲ್. ಈ ವರ್ಷ ಪಂಚಾಯಿತಿಯ ಸರಾಸರಿ 12 ಬಂದರೆ ಕೊರತೆ 4. 16ರಲ್ಲಿ 4 ಎಂದರೆ ನಾಲ್ಕರಲ್ಲೊಂದು ಪಾಲು. ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ ಎಂದಿಟ್ಟುಕೊಂಡರೆ, 800 ರೂಪಾಯಿ ಕಂತು ಕಟ್ಟಿದವನಿಗೆ 10,000 ರೂಪಾಯಿ ಬರುತ್ತದೆ. ಹೆಕ್ಟೇರೆಂಬುದು ಹೆಚ್ಚುಕಡಿಮೆ ಎರಡೂವರೆ ಎಕರೆಯಾದ್ದರಿಂದ ಇದು ನಮ್ಮ ಹಿರಿಯರ ಜಮೀನಿನ ಲೆಕ್ಕವೇ ಆಯಿತು.

ಅವರು ಕೇಳಿ, ‘ನಾಲ್ಕಾಣೆ ಬೆಳೆ ಹೋದ್ರೆ, ನಾಲ್ಕಾಣೆ ದುಡ್ಡು’ ಎಂದರು. ಹದಿನಾರಾಣೆ ಬೆಳೆ, ಎಂಟಾಣೆ ಬೆಳೆ ಎಂದು ಫಸಲನ್ನು ಆಣೆಯಲ್ಲಿ ಅಂದಾಜುಮಾಡುವ ಕ್ರಮ ಹಳೆಯ ಕಂದಾಯದ ಆಣೆವಾರಿಯಿಂದ ಬಂದದ್ದು. ಶೇಕಡಾವಾರು ನೂರು ಸಲ ಹೇಳಿದರೂ ತಿಳಿಯದಿದ್ದುದು ಆಣೆಯಲ್ಲಿ ತಟ್ಟನೆ ಬೆಳಗಿತು. ಆದರೆ ಅವರ ಮುಂದಿನ ಪ್ರಶ್ನೆ ಕಠಿನವಾಗಿತ್ತು: ‘ನನ್ ಹೊಲದಾಗೆ ಒಂದ್ ಸೇರೂ ಆಗ್ಲಿಲ್ಲ, ಪಂಚಾಯ್ತೀಲಿ ಹದಿನಾರ್ ಕ್ವಿಂಟಾಲ್ ಆಯ್ತು ಅಂದ್ರೆ?’ ಏನೂ ಬರುವುದಿಲ್ಲ. ಅಂತೆಯೇ ಅವರ ಹೊಲದಲ್ಲಿ ಒಳ್ಳೆಯ ಬೆಳೆಯಾಗಿ ಪಂಚಾಯಿತಿಯದು 12ಕ್ಕೆ ಇಳಿದರೆ ಅವರಿಗೂ ನಾಲ್ಕಾಣೆ ಬರುತ್ತದೆ. ಈ ಎರಡು ವಾಕ್ಯಗಳನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿಸಿದೆವು. ಆ 12 ಎಂಬ ಅಂಕಿ ಎಲ್ಲಿಂದ ಬರುತ್ತದೆಂಬುದನ್ನೂ ಹೇಳಿದೆವು: ಪಂಚಾಯಿತಿಗೆ ನಾಲ್ಕು ಹೊಲಗಳನ್ನು ಸರ್ವೆ ನಂಬರಿನ ಮೇಲೆ ಚೀಟಿ ಎತ್ತಿದಂತೆ ಆಯ್ದು, ಪ್ರತಿಯೊಂದರಲ್ಲಿ ಗೊತ್ತುಪಡಿಸಿದ ಅಳತೆಯ ತುಂಡೊಂದನ್ನು ಹಗ್ಗ ಹಿಡಿದು ಗುರುತಿಸಿ, ಕೊಯ್ದು, ಬಡಿದು, ತೂಗುವ ಬೆಳೆ ಕಟಾವು ಪ್ರಯೋಗದಿಂದ. ಹೊಲವನ್ನು ಊರವರು ಆರಿಸುವಂತಿಲ್ಲ; ಅಧಿಕಾರಿಯೂ ತನಗೆ ಅನುಕೂಲವಾದ ರಸ್ತೆಬದಿಯ ಹೊಲಕ್ಕೆ ಬದಲಿಸುವಂತಿಲ್ಲ; ಕೊಯ್ಯುವಾಗ ಬಳಿಯಲ್ಲಿ ನಿಂತು ನೋಡಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ತನ್ನ ಹೊಲಕ್ಕೇ ಪ್ರತ್ಯೇಕವಾಗಿ ಪರಿಹಾರ ಕೇಳುವ ದಾರಿ ಎರಡೇ ಸಂದರ್ಭಗಳಲ್ಲಿ ಉಂಟು. ರಾಜ್ಯದ ಆ ವರ್ಷದ ಅಧಿಸೂಚನೆಯಲ್ಲಿ ಅವುಗಳನ್ನು ಸೇರಿಸಿರಬೇಕೆಂಬುದು ಅದಕ್ಕೆ ಷರತ್ತು. ಮೊದಲನೆಯದು, ನಿಂತ ಬೆಳೆಯ ಮೇಲೆ ಆಲಿಕಲ್ಲು, ಮೇಘಸ್ಫೋಟ, ಭೂಕುಸಿತ, ಹೊಲ ಮುಳುಗುವುದು, ಸಿಡಿಲಿನ ಬೆಂಕಿ ಎಂಬ ಸ್ಥಳೀಯ ವಿಪತ್ತುಗಳು. ಆನೆ, ಹಂದಿಗಳ ಹಾವಳಿ ಬಹುಕಾಲ ಇದರ ಹೊರಗೇ ಇತ್ತು. ಅದನ್ನು 2026ರ ಮುಂಗಾರಿನಿಂದ ಸೇರಿಸಿಕೊಳ್ಳಬಹುದೆಂದು ಕೇಂದ್ರವು 2025ರ ನವೆಂಬರಿನಲ್ಲಿ ಪ್ರಕಟಿಸಿದೆ, ಯಾವ ಪ್ರಾಣಿ, ಯಾವ ಸೀಮೆ ಎಂಬುದನ್ನು ರಾಜ್ಯ ಗೊತ್ತುಮಾಡಬೇಕು. ಎರಡನೆಯದು ಕೊಯ್ಲಿನ ನಂತರದ ನಷ್ಟ, ನಮ್ಮ ರಾಗಿ ಸೀಮೆಗೆ ನಿಜವಾಗಿ ಸಂಬಂಧಿಸಿದ್ದು ಇದೇ. ಏಕೆಂದರೆ ಕಾರ್ತಿಕದ ಕೊನೆಯಲ್ಲಿ ರಾಗಿ ಕೊಯ್ದು ಮಲಗಿಸಿದ ಹೊತ್ತಿಗೆ ಸರಿಯಾಗಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೊಂದು ಏಳುವುದು ಇಲ್ಲಿನವರಿಗೆ ಹೊಸದಲ್ಲ.

ಕರಡಿನಲ್ಲಿ ಇದಕ್ಕೆ ‘ಕಟಾವುಗೊಂಡು ಹರಡಲ್ಪಟ್ಟ ಸ್ಥಿತಿಯಲ್ಲಿರುವ ಬೆಳೆ’ ಎಂದಿತ್ತು. ಜಗಲಿಯಲ್ಲಿ ಇದನ್ನು ಓದಿದ ಸಂಜೆ ಸೊಸೆ ಎದ್ದು ಹೋಗಿ, ಕೊಟ್ಟಿಗೆಯ ಹಿಂದಣ ಮೆದೆಯಿಂದ ಒಂದು ಹಿಡಿ ರಾಗಿಹುಲ್ಲನ್ನು ಹಿರಿದು ತಂದು, ನೆಲದ ಮೇಲೆ ಅಡ್ಡಡ್ಡಲಾಗಿ ಮಲಗಿಸಿ, ‘ಇದು ಅರಿ ಹಾಕೋದು, ಕೊಯ್ದಂಗೆ ಸಾಲಾಗಿ ಬಿಟ್ಟು ಒಣಗಿಸ್ತೀವಿ’ ಎಂದಳು. ಅದನ್ನೇ ಒಟ್ಟುಗೂಡಿಸಿ ಹುಲ್ಲಿನ ಹುರಿಯಿಂದ ಬಿಗಿದು, ‘ಇದು ಕಂತೆ’ ಎಂದಳು. ಬಳಿಕ ಕೊಟ್ಟಿಗೆಯ ಕಡೆಗೆ ಕೈ ತೋರಿಸಿ, ‘ಕಂತೆ ತಂದು ಒಟ್ಟಿದ್ರೆ ಮೆದೆ. ನಿಮ್ಮ ಕಾಗದ ಯಾವುದಕ್ಕೆ ದುಡ್ಡು ಕೊಡ್ತದೆ?’ ಎಂದು ಕೇಳಿದಳು. ಮೂಲವನ್ನು ತೆಗೆದು ನೋಡಿದೆ. ಹೊಲದಲ್ಲಿಯೇ ಒಣಗಲು ಹರಡಿದ, ಅಥವಾ ಸಣ್ಣ ಕಂತೆಯಾಗಿ ಬಿಟ್ಟ ಬೆಳೆಗೆ ಕೊಯ್ದ ದಿನದಿಂದ 14 ದಿನಗಳವರೆಗೆ ರಕ್ಷಣೆಯುಂಟು. ಒಕ್ಕಣೆಗೆಂದು ಒಂದೆಡೆ ರಾಶಿಯಾಗಿ ಒಟ್ಟಿದ್ದಕ್ಕೆ ಇಲ್ಲ. ಮೂರು ಪದಗಳಲ್ಲಿ ಪ್ರಕರಣ ಮುಗಿಯಿತು: ಅರಿಗೆ ಉಂಟು, ಕಂತೆಗೆ ಉಂಟು, ಮೆದೆಗೆ ಇಲ್ಲ. ನನ್ನ ಮೂವತ್ತು ವರ್ಷದ ಅಧ್ಯಾಪನದಲ್ಲಿ ಇಂಥ ನಿಖರವಾದ ಪಾರಿಭಾಷಿಕ ಪದಗಳು ಕೈಗೆ ಸಿಕ್ಕಿದ್ದಿಲ್ಲ. ಇವು ಉತ್ತರದ ಜಿಲ್ಲೆಗಳಿಗೆ ಹೊಂದುವುದಿಲ್ಲವೆಂಬುದೂ ನಿಜ. ಅಲ್ಲಿ ಬಣವೆ, ಸಿವುಡುಗಳಿವೆ, ಅಲ್ಲಿಗೆ ಅಲ್ಲಿಯವರೇ ಬರೆಯಬೇಕು.

ನಷ್ಟವಾದಾಗ ಮಾಡಬೇಕಾದುದನ್ನು ಹೇಳುವ ಪುಟದಲ್ಲಿ, ‘ರೈತರು 72 ಗಂಟೆಯೊಳಗೆ ಮಾಹಿತಿ ನೀಡಬಹುದಾಗಿದೆ’ ಎಂದಿತ್ತು. ಮೂಲದ ಅರ್ಥದಲ್ಲಿ ಆಯ್ಕೆ ಇರುವುದು ಯಾರಿಗೆ ತಿಳಿಸುವುದೆಂಬುದರಲ್ಲಿ, ತಿಳಿಸುವುದರಲ್ಲಿ ಅಲ್ಲ. ಆ ‘ಬಹುದು’ ಒಂದು ಕುಟುಂಬದ ವರ್ಷದ ಫಸಲನ್ನು ನುಂಗಬಲ್ಲದು. 72 ಗಂಟೆಯನ್ನು ‘ಮೂರು ದಿನ’ ಎಂದು ನಾನು ಸುಲಭಗೊಳಿಸಿದ್ದೆ. ಅದೂ ತಪ್ಪೆಂದು ತಡವಾಗಿ ಗೊತ್ತಾಯಿತು. ಮಳೆ ಬಿದ್ದ ದಿನವನ್ನು ಬಿಟ್ಟು ಎಣಿಸುವವರುಂಟು, ಭಾನುವಾರವನ್ನು ಬಿಟ್ಟು ಎಣಿಸುವವರುಂಟು. ನಮ್ಮ ಹಿರಿಯರೇ ಹಿಂದೊಮ್ಮೆ, ಶನಿವಾರದ ಮಳೆಗೆ ಅರಿ ತೋಯ್ದು ಮೊಳಕೆಯೊಡೆದಾಗ, ಬುಧವಾರ ಬ್ಯಾಂಕಿಗೆ ಹೋಗಿ ಬರಿಗೈಯಲ್ಲಿ ಹಿಂತಿರುಗಿದ್ದರಂತೆ. ಕೊನೆಗೆ, ‘ಶನಿವಾರ ಸಂಜೆ ಐದಕ್ಕೆ ಮಳೆ ಹೊಡೆದರೆ, ಮಂಗಳವಾರ ಸಂಜೆ ಐದರೊಳಗೆ ತಿಳಿಸಲೇಬೇಕು, ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ’ ಎಂದು ಬರೆದೆವು.

ತಿಳಿಸುವುದು 14447 ಎಂಬ ಸಹಾಯವಾಣಿಗೆ, ಇಲ್ಲವೇ ಬೆಳೆ ವಿಮೆಯ ಮೊಬೈಲ್ ಆಪಿನಲ್ಲಿ, ಇಲ್ಲವೇ ವಿಮಾ ಕಂಪನಿಗೆ, ಬ್ಯಾಂಕಿಗೆ, ರೈತ ಸಂಪರ್ಕ ಕೇಂದ್ರಕ್ಕೆ. ಯಾವ ಸರ್ವೆ ನಂಬರು, ಯಾವ ಬೆಳೆ, ಎಷ್ಟು ಗುಂಟೆ ಕೆಟ್ಟಿತು, ಯಾವುದರಿಂದ, ಯಾವತ್ತು ಎಂಬಿಷ್ಟನ್ನು ಹೇಳಿ, ದೂರಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಆ ಸಂಖ್ಯೆ ಇಲ್ಲದಿದ್ದರೆ ಹೇಳಿದ್ದಕ್ಕೆ ಸಾಕ್ಷಿಯಿಲ್ಲ. ಎಲ್ಲ ವಿವರವೂ ಕೈಯಲ್ಲಿಲ್ಲದಿದ್ದರೆ ಇದ್ದಷ್ಟನ್ನು 72 ಗಂಟೆಯೊಳಗೆ ತಿಳಿಸಿ, ಪೂರ್ಣ ಅರ್ಜಿಯನ್ನು ಏಳು ದಿನದೊಳಗೆ ಕೊಡಬಹುದು. ಅನಂತರದ ಕೆಲಸ ಕಂಪನಿಯದು: 48 ಗಂಟೆಯೊಳಗೆ ಪರಿಶೀಲಕನನ್ನು ನೇಮಿಸುವುದು, ಹತ್ತು ದಿನದೊಳಗೆ ಹೊಲ ನೋಡಿ ನಷ್ಟ ಅಂದಾಜಿಸುವುದು. ಕರಡಿನಲ್ಲಿ ಇವೆಲ್ಲ ‘ನೇಮಿಸಲಾಗುವುದು’, ‘ಅಂದಾಜಿಸಲಾಗುವುದು’ ಎಂದು ಕರ್ತೃವಿಲ್ಲದೆ ನಿಂತಿದ್ದವು. ಕರ್ಮಣಿ ಪ್ರಯೋಗವನ್ನು ಪರೀಕ್ಷೆಗೆಂದು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು; ಅದರಿಂದ ಯಾರ ಹೊಣೆ ಎಲ್ಲಿ ಮಾಯವಾಗುತ್ತದೆಂಬುದನ್ನು ಈ ಇಳಿವಯಸ್ಸಿನಲ್ಲಿ ಕಂಡೆ. ಪ್ರತಿ ವಾಕ್ಯಕ್ಕೂ ‘ಕಂಪನಿ’ ಎಂಬ ಕರ್ತೃಪದವನ್ನು ಕೂರಿಸಿದೆ.

ಕಡೆಗೆ ಉಳಿದದ್ದು ಬೆಳೆಯ ಹೆಸರು. ವಿಮೆಯಲ್ಲಿ ಬರೆಸಿದ ಬೆಳೆಗೂ ಮೊಬೈಲಿನಲ್ಲಿ ನಡೆಯುವ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರ ನಿಲ್ಲುತ್ತದೆ. ರಾಗಿಯ ನಡುವೆ ಅವರೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಬಿಡುವುದು ಇಲ್ಲಿಯ ವಾಡಿಕೆ. ಸಮೀಕ್ಷೆಗೆ ಬಂದ ಹುಡುಗ ಅದನ್ನು ಮಿಶ್ರಬೆಳೆಯೆಂದು ಗುರುತಿಸಿದರೆ ಎರಡೂವರೆ ಎಕರೆಯ ರಾಗಿ ಕಾಗದದ ಮೇಲೆ ಎರಡೂವರೆ ಎಕರೆಯಾಗಿ ಉಳಿಯುವುದಿಲ್ಲ. ‘ಬೆಳೆ ದರ್ಶಕ’ ಎಂಬ ಆಪಿನಲ್ಲಿ ತನ್ನ ಸರ್ವೆ ನಂಬರಿನ ದಾಖಲೆಯನ್ನು ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಇದನ್ನು ಬರೆದ ದಿನ ಸೊಸೆ ತನ್ನ ಫೋನಿನಲ್ಲಿ ಅವರ ಜಮೀನನ್ನು ತೆರೆದು ನೋಡಿದಳು. ಹಿಂದಿನ ವರ್ಷದ ದಾಖಲೆಯಲ್ಲಿ ಅವರ ರಾಗಿ ಹೊಲ ಬೀಳು ಎಂದಿತ್ತು.

ಹಿರಿಯರು ಫೋನನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ಓದಿ, ಏನೂ ಹೇಳದೆ ಅವಳಿಗೆ ಹಿಂದಿರುಗಿಸಿದರು. ಮರುದಿನ ಬೆಳಿಗ್ಗೆ ನಾನು ಕರಡಿನ ಕಡೆಯ ಪುಟ ತಿದ್ದಿಸಿಕೊಳ್ಳಲು ಹೋದಾಗ ಅವರು ಮನೆಯಲ್ಲಿರಲಿಲ್ಲ. ಸೊಸೆಯೂ ಅವರೂ ಪಹಣಿ ಹಿಡಿದುಕೊಂಡು ಮೊದಲ ಬಸ್ಸಿಗೇ ತಾಲ್ಲೂಕು ಕಚೇರಿಗೆ ಹೋಗಿದ್ದರು.